ಎರಡು ಮಕ್ಕಳ ಒಗಟು: ಅರ್ಧವೋ, ಮೂರರಲ್ಲಿ ಒಂದೋ? ಹೆಜ್ಜೆ ಹೆಜ್ಜೆಯಾಗಿ ಬಿಡಿಸುವುದು ಹೇಗೆ

ಒಗಟು ತುಂಬಾ ಚಿಕ್ಕದು. ಒಬ್ಬರಿಗೆ ಇಬ್ಬರು ಮಕ್ಕಳು. ಅದರಲ್ಲಿ ಒಂದಾದರೂ ಗಂಡು. ಎರಡೂ ಗಂಡಾಗಿರುವ ಸಾಧ್ಯತೆ ಎಷ್ಟು?

ಕೆಲವರು ತಕ್ಷಣ "ಅರ್ಧ" ಅನ್ನುತ್ತಾರೆ. ಒಂದು ಗಂಡು ಅಂತ ಗೊತ್ತಾಯ್ತು, ಇನ್ನೊಂದು ಗಂಡೋ ಹೆಣ್ಣೋ, ಅಷ್ಟೇ ತಾನೇ ಅನ್ನೋದು ಅವರ ಲೆಕ್ಕ. ಇನ್ನು ಕೆಲವರು ಕಾಗದದ ಮೇಲೆ ನಾಲ್ಕು ಜೋಡಿ ಬರೆದು, ಒಂದನ್ನು ಹೊಡೆದು ಹಾಕಿ, "1/3" ಅಂತ ತೋರಿಸುತ್ತಾರೆ. ಆಮೇಲೆ ಜಗಳ ಶುರು. ಎರಡೂ ಕಡೆಯವರ ಲೆಕ್ಕದಲ್ಲಿ ಗುಣಾಕಾರ ಭಾಗಾಕಾರದ ತಪ್ಪೇನೂ ಇರುವುದಿಲ್ಲ, ಆದರೂ ಉತ್ತರ ಬೇರೆ ಬೇರೆ. ಯಾಕೆಂದರೆ ಒಗಟು ಒಂದು ವಿಷಯವನ್ನು ಹೇಳಿಯೇ ಇಲ್ಲ. "ಒಂದಾದರೂ ಗಂಡು" ಅನ್ನೋದು ನಮಗೆ ಹೇಗೆ ಗೊತ್ತಾಯ್ತು? ನಾವು ಕೇಳಿದೆವಾ, ಅವರೇ ಹೇಳಿದರಾ, ಕಣ್ಣಿಗೆ ಬಿತ್ತಾ?

ಮಾರ್ಟಿನ್ ಗಾರ್ಡ್ನರ್ 1959ರಲ್ಲಿ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯ ತಮ್ಮ ಅಂಕಣದಲ್ಲಿ ಈ ಪ್ರಶ್ನೆ ಕೇಳಿ, ಉತ್ತರ 1/3 ಅಂತ ಕೊಟ್ಟಿದ್ದರು. ಆಮೇಲೆ ಅವರೇ, ಮಾಹಿತಿ ಸಿಕ್ಕ ಬಗೆ ಹೇಳದಿದ್ದರೆ ಈ ಪ್ರಶ್ನೆ ಅಸ್ಪಷ್ಟ ಅಂತ ಒಪ್ಪಿಕೊಂಡರು. ಆ ಒಪ್ಪಿಗೆ ಜಾಸ್ತಿ ಜನರಿಗೆ ತಲುಪಲಿಲ್ಲ, 1/3 ಮಾತ್ರ ತಲುಪಿತು. ಹಾಗಾಗಿ ಈ ಒಗಟಿನ ಯಾವ ರೂಪ ಎದುರಾದರೂ ನೀವೇ ಕೂತು ಬಿಡಿಸುವ ದಾರಿ ಯಾವುದು ಅಂತ ಇಲ್ಲಿ ಬರೆದಿದ್ದೇನೆ. ಸೂತ್ರಗಳ ನೆನಪು ಬೇಕಿಲ್ಲ. ಎಣಿಸೋಕೆ ಬಂದರೆ ಸಾಕು.

ಹೆಜ್ಜೆ 1: ಸಾಧ್ಯತೆ ಬಿಡಿ, ಮನೆಗಳನ್ನು ಎಣಿಸಿ

ಮೊದಲು 400 ಮನೆಗಳನ್ನು ಊಹಿಸಿಕೊಳ್ಳಿ, ಪ್ರತಿ ಮನೆಯಲ್ಲೂ ಸರಿಯಾಗಿ ಎರಡು ಮಕ್ಕಳು. ಗಂಡು ಹೆಣ್ಣು ಹುಟ್ಟುವ ಸಾಧ್ಯತೆ ಸಮ ಅಂತ ಇಟ್ಟುಕೊಳ್ಳೋಣ, ಮೊದಲನೆಯದು ಏನಾಯ್ತು ಅನ್ನೋದಕ್ಕೂ ಎರಡನೆಯದಕ್ಕೂ ಸಂಬಂಧ ಇಲ್ಲ ಅಂತಲೂ ಇಟ್ಟುಕೊಳ್ಳೋಣ. ದೊಡ್ಡ ಮಗುವನ್ನು ಮೊದಲು, ಚಿಕ್ಕ ಮಗುವನ್ನು ಆಮೇಲೆ ಬರೆದರೆ ಮನೆಗಳು ಹೀಗೆ ಹಂಚಿಕೊಳ್ಳುತ್ತವೆ:

ಗಂಡು-ಗಂಡು: 100 ಮನೆ
ಗಂಡು-ಹೆಣ್ಣು: 100 ಮನೆ
ಹೆಣ್ಣು-ಗಂಡು: 100 ಮನೆ
ಹೆಣ್ಣು-ಹೆಣ್ಣು: 100 ಮನೆ

ಇಲ್ಲೇ ಬಹಳ ಜನ ಎಡವುತ್ತಾರೆ. "ಒಂದು ಗಂಡು ಒಂದು ಹೆಣ್ಣು ಅಂದ್ರೆ ಒಂದೇ ಬಗೆ ಅಲ್ವಾ, ಎರಡು ಸಾಲು ಯಾಕೆ?" ಅಂತ ಕೇಳುತ್ತಾರೆ. ಬೇಕಿದ್ದರೆ ಒಂದೇ ಸಾಲು ಮಾಡಿ, ತೊಂದರೆ ಇಲ್ಲ, ಆದರೆ ಆ ಸಾಲಿನ ಮುಂದೆ 200 ಅಂತ ಬರೆಯಬೇಕು. ಒಂದು ನಾಣ್ಯವನ್ನು ಎರಡು ಸಲ ಚಿಮ್ಮಿ ನೋಡಿ. ಒಂದು ತಲೆ ಒಂದು ಬಾಲ ಬೀಳುವುದು ಸುಮಾರು ಅರ್ಧ ಸಲ, ಮೂರರಲ್ಲಿ ಒಂದು ಸಲ ಅಲ್ಲ. ಮಿಶ್ರ ಮನೆಗಳು ಇನ್ನೂರು, ಇದನ್ನು ಗಟ್ಟಿ ಮಾಡಿಕೊಳ್ಳಿ, ಮುಂದಿನದೆಲ್ಲ ಇದರ ಮೇಲೇ ನಿಂತಿದೆ.

ಹೆಜ್ಜೆ 2: ಮಾತು ಹೇಗೆ ಹೊರಬಂತು ಅಂತ ಬರೆಯಿರಿ

ಈ ಹೆಜ್ಜೆಯನ್ನು ಯಾರೂ ಮಾಡುವುದಿಲ್ಲ. ಉತ್ತರ ಮಾತ್ರ ಇದರಲ್ಲೇ ಇದೆ.

ಕಾಗದದ ಮೇಲೆ ಎರಡು ವಾಕ್ಯ ಬರೆಯಿರಿ. ಒಂದು, ಮಾಹಿತಿ ಹುಟ್ಟಿದ್ದು ಯಾವ ಕ್ರಮದಿಂದ. ಎರಡು, ಅದೇ ಕ್ರಮದಲ್ಲಿ ಬೇರೆ ಏನು ಕೇಳಿಬರಬಹುದಿತ್ತು. ಎರಡನೆಯದು ಮುಖ್ಯ. ಕೇಳಿದ ಮಾತಿನ ತೂಕ ಗೊತ್ತಾಗಬೇಕಾದರೆ, ಕೇಳಿಬರದೆ ಉಳಿದ ಮಾತು ಯಾವುದು ಅಂತ ತಿಳಿಯಬೇಕು.

ಎರಡು ಸಂದರ್ಭ ನೋಡೋಣ. ಮೊದಲನೆಯದರಲ್ಲಿ ನೀವು ಒಬ್ಬರನ್ನು ನೇರವಾಗಿ ಕೇಳುತ್ತೀರಿ:

"ನಿಮ್ಮ ಇಬ್ಬರು ಮಕ್ಕಳಲ್ಲಿ ಒಂದಾದರೂ ಗಂಡು ಇದೆಯಾ?"
"ಹೌದು, ಇದೆ."

ಇಲ್ಲಿ ಬರಬಹುದಾದ ಇನ್ನೊಂದು ಉತ್ತರ "ಇಲ್ಲ" ಮಾತ್ರ. ಗಂಡಿನ ಬಗ್ಗೆ ಕೇಳಬೇಕು ಅಂತ ನಿರ್ಧಾರ ಮಾಡಿದ್ದು ನೀವು. ಅವರಿಗೆ ಆಯ್ಕೆಯೇ ಇಲ್ಲ.

ಎರಡನೆಯದರಲ್ಲಿ ನೀವು ಹೀಗೆ ಕೇಳುತ್ತೀರಿ:

"ನಿಮ್ಮ ಇಬ್ಬರು ಮಕ್ಕಳಲ್ಲಿ ಯಾರಾದರೂ ಒಬ್ಬರನ್ನು ಸುಮ್ನೆ ಮನಸ್ಸಲ್ಲಿ ನೆನೆಸಿಕೊಳ್ಳಿ. ಆ ಮಗು ಗಂಡೋ ಹೆಣ್ಣೋ?"
"ಗಂಡು."

ಇಲ್ಲಿ ಬರಬಹುದಾಗಿದ್ದ ಇನ್ನೊಂದು ಉತ್ತರ "ಹೆಣ್ಣು". ಒಂದು ಗಂಡು ಒಂದು ಹೆಣ್ಣು ಇರುವವರು ಯಾವುದನ್ನು ಬೇಕಾದರೂ ಹೇಳಬಹುದಿತ್ತು.

ಎರಡು ಕಡೆಯೂ ಕೊನೆಗೆ ನಿಮಗೆ ತಿಳಿದದ್ದು "ಒಂದಾದರೂ ಗಂಡು" ಅನ್ನೋದೇ. ಮಕ್ಕಳ ಬಗ್ಗೆ ಸಿಕ್ಕ ಸಂಗತಿ ಒಂದೇ, ಅದು ಸಿಕ್ಕಿದ ಬಗೆ ಬೇರೆ.

ಹೆಜ್ಜೆ 3: ಪ್ರತಿ ಸಾಲಿನಲ್ಲೂ ಎಷ್ಟು ಮನೆಯಿಂದ ಅದೇ ಮಾತು ಬರುತ್ತದೆ?

ಈಗ 400 ಮನೆಗಳ ಪಟ್ಟಿಗೆ ಮರಳಿ. ನೀವು ಪ್ರತಿ ಮನೆಗೂ ಹೋಗಿ ಅದೇ ಕ್ರಮದಲ್ಲಿ ಕೇಳಿದಿರಿ ಅಂದುಕೊಳ್ಳಿ. ಎಷ್ಟು ಮನೆಯಿಂದ ನೀವು ಕೇಳಿದ ಆ ಮಾತೇ ಹೊರಬರುತ್ತದೆ?

ಮೊದಲ ಸಂದರ್ಭದಲ್ಲಿ, ಅಂದರೆ ನೇರ ಪ್ರಶ್ನೆಗೆ, ಎರಡೂ ಗಂಡಿರುವ 100 ಮನೆಯವರೂ ಹೌದು ಅನ್ನುತ್ತಾರೆ. ಮಿಶ್ರ ಮನೆಗಳ 200 ಜನವೂ ಹೌದು ಅನ್ನುತ್ತಾರೆ. ಎರಡೂ ಹೆಣ್ಣಿರುವ 100 ಮನೆಯವರು ಇಲ್ಲ ಅನ್ನುತ್ತಾರೆ. ಹೌದು ಅಂದವರು ಒಟ್ಟು 300, ಅವರಲ್ಲಿ ಎರಡೂ ಗಂಡಿರುವವರು 100. ಉತ್ತರ 100/300, ಅಂದರೆ 1/3.

ಎರಡನೆಯ ಸಂದರ್ಭದಲ್ಲಿ ಎರಡೂ ಗಂಡಿರುವ 100 ಮನೆಯವರು ಯಾವ ಮಗುವನ್ನು ನೆನೆಸಿಕೊಂಡರೂ ಗಂಡು ಅಂತಲೇ ಹೇಳಬೇಕು. ಮಿಶ್ರ ಮನೆಯವರು ಹಾಗಲ್ಲ, ಅರ್ಧ ಜನಕ್ಕೆ ಮಗ ನೆನಪಾಗುತ್ತಾನೆ, ಅರ್ಧ ಜನಕ್ಕೆ ಮಗಳು. 200ರಲ್ಲಿ 100 ಜನ ಮಾತ್ರ "ಗಂಡು" ಅನ್ನುತ್ತಾರೆ. ಒಟ್ಟು "ಗಂಡು" ಅಂದವರು 200, ಅವರಲ್ಲಿ ಎರಡೂ ಗಂಡಿರುವವರು 100. ಉತ್ತರ 1/2.

ಎರಡು ಲೆಕ್ಕದ ನಡುವೆ ಬದಲಾದದ್ದು ಒಂದೇ ಅಂಕಿ. ಮಿಶ್ರ ಮನೆಗಳಲ್ಲಿ ಎಷ್ಟು ಜನ ಆ ಮಾತು ಆಡಿದರು ಅನ್ನೋದು. ಮೊದಲು 200, ಆಮೇಲೆ 100. 1/3 ಹೇಳುವವರು ಹೆಣ್ಣು-ಹೆಣ್ಣು ಸಾಲನ್ನು ಹೊಡೆದು ಹಾಕಿದ ಮೇಲೆ ಉಳಿದ ಮೂರು ಸಾಲಿಗೂ ಸಮ ತೂಕ ಕೊಡುತ್ತಾರೆ. ಆ ಸಮ ತೂಕ ತಾನಾಗಿ ಬರುವುದಿಲ್ಲ, ನೇರ ಪ್ರಶ್ನೆ ಕೇಳಿದಾಗ ಮಾತ್ರ ಬರುತ್ತದೆ. ಯಾವ ಸಾಲು ಸಾಧ್ಯ, ಯಾವುದು ಅಸಾಧ್ಯ ಅಂತ ನೋಡಿದರೆ ಕೆಲಸ ಅರ್ಧ ಆದಂತೆ. ಉಳಿದ ಸಾಲುಗಳು ಎಷ್ಟು ಸುಲಭವಾಗಿ ಈ ಮಾತನ್ನು ಹೊರಡಿಸುತ್ತವೆ ಅಂತಲೂ ನೋಡಬೇಕು.

ಹೆಜ್ಜೆ 4: ಎಲ್ಲ ರೂಪಕ್ಕೂ ಒಂದೇ ಸೂತ್ರ

ಮಿಶ್ರ ಮನೆಯವರು ಈ ಮಾತು ಆಡುವ ಪ್ರಮಾಣಕ್ಕೆ q ಅಂತ ಹೆಸರಿಡೋಣ. ಎರಡೂ ಗಂಡಿರುವವರು ಖಂಡಿತ ಈ ಮಾತೇ ಆಡುತ್ತಾರೆ ಅಂತಾದರೆ ಉತ್ತರ ಹೀಗಿರುತ್ತದೆ:

```
100 / (100 + 200*q)  =  1 / (1 + 2*q)
```

q ಒಂದಾದರೆ 1/3. q ಅರ್ಧವಾದರೆ 1/2. q ಸೊನ್ನೆ ಆದರೆ 1, ಅಂದರೆ ಮಿಶ್ರ ಮನೆಯವರು ಯಾವಾಗಲೂ ಹೆಣ್ಣು ಮಗುವಿನ ಬಗ್ಗೆಯೇ ಮಾತಾಡುವವರಾದರೆ, "ಗಂಡು" ಅಂತ ಕೇಳಿದ ಕೂಡಲೇ ಎರಡೂ ಗಂಡು ಅಂತ ಖಚಿತ. ನಡುವಿನ ಬೆಲೆಗಳೂ ಬರಬಹುದು. ನೀವು ಒಂದು ಮನೆಯ ಬಾಗಿಲು ತಟ್ಟಿದಿರಿ, ಒಬ್ಬ ಹುಡುಗ ಬಂದು ತೆಗೆದ. ಇಬ್ಬರು ಮಕ್ಕಳಲ್ಲಿ ಯಾರು ಬೇಕಾದರೂ ಸಮಾನವಾಗಿ ಬಂದು ತೆಗೆಯುವುದಾದರೆ q ಅರ್ಧ, ಉತ್ತರ 1/2. ಅಕ್ಕ ಅಥವಾ ತಂಗಿ ಇದ್ದರೂ ನಾಲ್ಕರಲ್ಲಿ ಮೂರು ಸಲ ಹುಡುಗನೇ ಓಡಿಬರುವುದಾದರೆ q ಮುಕ್ಕಾಲು, ಉತ್ತರ 1/2.5, ಅಂದರೆ 2/5. ಹುಡುಗನನ್ನು ಕಣ್ಣಾರೆ ನೋಡಿದ್ದರೂ ಉತ್ತರ ಅಲುಗಾಡುತ್ತದೆ. ನೋಡಿದ್ದು ಸುಳ್ಳಲ್ಲ, ಯಾವ ಮಗು ಕಣ್ಣಿಗೆ ಬೀಳುತ್ತದೆ ಅನ್ನೋದಕ್ಕೂ ಒಂದು ಕ್ರಮ ಇದೆ ಅಷ್ಟೇ.

ಎರಡೂ ಗಂಡಿರುವವರು ಕೂಡ ಖಂಡಿತ ಅದೇ ಮಾತು ಆಡುತ್ತಾರೆ ಅಂತೇನಿಲ್ಲ. ಇಬ್ಬರು ಮಕ್ಕಳಿದ್ದಾರೆ ಅಂತ ನಿಮಗೆ ಗೊತ್ತಿರುವ ಒಬ್ಬರು ಮಾತಿನ ನಡುವೆ "ನನ್ನ ಮಗನಿಗೆ ನೆಗಡಿ" ಅಂದರು ಅಂತಿಟ್ಟುಕೊಳ್ಳಿ. ಎರಡೂ ಗಂಡಾಗಿದ್ದರೆ ಅವರು "ದೊಡ್ಡವನಿಗೆ ನೆಗಡಿ" ಅಥವಾ "ಚಿಕ್ಕವನಿಗೆ ನೆಗಡಿ" ಅನ್ನುವುದು ಹೆಚ್ಚು ಸಹಜ. ಲೆಕ್ಕಕ್ಕೋಸ್ಕರ, ಅಂಥ 100 ಮನೆಯಲ್ಲಿ 40 ಜನ ಮಾತ್ರ ಬರೀ "ಮಗ" ಅಂತಾರೆ, ಮಿಶ್ರ 200ರಲ್ಲಿ 100 ಜನ ಮಗನ ಸುದ್ದಿ ಎತ್ತುತ್ತಾರೆ ಅಂದುಕೊಳ್ಳೋಣ. ಆಗ 40/140, ಅಂದರೆ 2/7. ಮೂರರಲ್ಲಿ ಒಂದಕ್ಕಿಂತಲೂ ಕಡಿಮೆ! ಈ 40 ನಾನು ಇಟ್ಟ ಅಂಕಿ, ಆದರೆ ದಿಕ್ಕು ಸರಿ. ಜನ ಆಡುವ ಮಾತಿನಲ್ಲಿ ಆಡದೆ ಬಿಟ್ಟದ್ದರ ಸುಳಿವೂ ಇರುತ್ತದೆ, ಮತ್ತು ಪಟ್ಟಿಯ ಪ್ರತಿ ಸಾಲಿಗೂ ಅದರ ತೂಕ ಕೇಳಲೇಬೇಕು.

"ದೊಡ್ಡ ಮಗು ಗಂಡು" ಅಂತ ಹೇಳಿದ ರೂಪ ಮಾತ್ರ ಸಲೀಸು. "ದೊಡ್ಡ ಮಗು ಏನು?" ಅಂತ ಕೇಳಿ ಉತ್ತರ ಪಡೆದಿದ್ದರೆ, ಗಂಡು-ಗಂಡು ಮತ್ತು ಗಂಡು-ಹೆಣ್ಣು ಸಾಲುಗಳೆರಡೂ ಪೂರ್ತಿ ಬರುತ್ತವೆ, ಬೇರೆ ಯಾವುದೂ ಬರುವುದಿಲ್ಲ. 100/200. ತಕರಾರಿಗೆ ಜಾಗವೇ ಇಲ್ಲ.

ಹೆಜ್ಜೆ 5: ಆರಿಸಿದ್ದು ಮನೆಯನ್ನೋ, ಮಗುವನ್ನೋ?

ಯಾರೂ ಏನೂ ಹೇಳದ ಸಂದರ್ಭವೂ ಇದೆ, ಆಗ ನಾವೇ ಪಟ್ಟಿಯಿಂದ ಆರಿಸುತ್ತೇವೆ. ನಮ್ಮ 400 ಮನೆಗಳಿಂದ ಎರಡು ಪಟ್ಟಿ ಮಾಡಿ.

ಮೊದಲ ಪಟ್ಟಿಯಲ್ಲಿ ಕನಿಷ್ಠ ಒಬ್ಬ ಹುಡುಗ ಇರುವ ಮನೆಗಳನ್ನೆಲ್ಲ ಬರೆದಿದೆ, ಒಂದು ಮನೆಗೆ ಒಂದು ಸಾಲು. 300 ಸಾಲು. ಕಣ್ಣು ಮುಚ್ಚಿ ಒಂದು ಸಾಲು ಮುಟ್ಟಿದರೆ, ಅದು ಎರಡೂ ಗಂಡಿರುವ ಮನೆಯಾಗಿರುವ ಸಾಧ್ಯತೆ 1/3.

ಎರಡನೆಯದರಲ್ಲಿ ಆ ಮನೆಗಳ ಹುಡುಗರನ್ನೆಲ್ಲ ಬರೆದಿದೆ, ಒಬ್ಬ ಹುಡುಗನಿಗೆ ಒಂದು ಸಾಲು. ಎರಡೂ ಗಂಡಿರುವ 100 ಮನೆಯಿಂದ 200 ಹುಡುಗರು ಬರುತ್ತಾರೆ, ಮಿಶ್ರ 200 ಮನೆಯಿಂದ 200 ಹುಡುಗರು. ಒಟ್ಟು 400. ಕಣ್ಣು ಮುಚ್ಚಿ ಒಬ್ಬನನ್ನು ಮುಟ್ಟಿದರೆ ಅವನಿಗೆ ಅಣ್ಣನೋ ತಮ್ಮನೋ ಇರುವ ಸಾಧ್ಯತೆ 200/400, ಅಂದರೆ ಅರ್ಧ.

ಮನೆಗಳು ಅವೇ, ಮಕ್ಕಳು ಅವರೇ. ಆದರೆ ಎರಡನೇ ಪಟ್ಟಿಯಲ್ಲಿ ಇಬ್ಬರು ಹುಡುಗರ ಮನೆ ಎರಡು ಸಲ ಬರೆಸಿಕೊಂಡಿದೆ, ಅದಕ್ಕೆ ಸಿಕ್ಕಿಬೀಳುವ ಅವಕಾಶವೂ ಎರಡು. ನನ್ನ ಮಟ್ಟಿಗೆ ಇಡೀ ಒಗಟಿನಲ್ಲಿ ಅತಿ ಸ್ಪಷ್ಟವಾದ ಚಿತ್ರ ಇದೇ. ಯಾರಾದರೂ ವಾದಕ್ಕೆ ಬಂದರೆ ಮೊದಲು ಈ ಎರಡು ಪಟ್ಟಿ ತೋರಿಸಿ. ಒಗಟು "ಒಬ್ಬ ಹುಡುಗ ಸಿಕ್ಕಿದ, ಅವನಿಗೆ ಒಡಹುಟ್ಟಿದವರು ಒಬ್ಬರೇ" ಅಂತ ಶುರುವಾದರೆ ಸಾಮಾನ್ಯವಾಗಿ ಮಗುವಿನ ಪಟ್ಟಿ, "ಒಬ್ಬ ಹುಡುಗನಾದರೂ ಇರುವ ಮನೆಗಳಲ್ಲಿ ಒಂದನ್ನು ಆರಿಸಿದೆವು" ಅಂತ ಶುರುವಾದರೆ ಮನೆಯ ಪಟ್ಟಿ.

ಹೆಜ್ಜೆ 6: ಸರಾಸರಿ ಹಾಕಿ ತಾಳೆ ನೋಡಿ

ಉತ್ತರ ಬಂತು. ಅದು ಸರಿಯೋ ಇಲ್ಲವೋ ಅಂತ ಹೇಗೆ ಗೊತ್ತಾಗಬೇಕು? ಒಂದು ಸುಲಭ ಪರೀಕ್ಷೆ ಇದೆ. "ಎರಡೂ ಮಕ್ಕಳು ಒಂದೇ ಬಗೆ", ಅಂದರೆ ಎರಡೂ ಗಂಡು ಅಥವಾ ಎರಡೂ ಹೆಣ್ಣು, ಅನ್ನೋ ಸಾಧ್ಯತೆಯನ್ನು ನೋಡಿ. ಏನೂ ಕೇಳುವ ಮೊದಲು ಅದು 200/400, ಅರ್ಧ. ಈಗ ನಿಮ್ಮ ಕ್ರಮದಲ್ಲಿ ಬರಬಹುದಾದ ಎಲ್ಲ ಉತ್ತರಗಳನ್ನೂ ತೆಗೆದುಕೊಂಡು, ಒಂದೊಂದರ ಕೆಳಗೂ ಈ ಸಾಧ್ಯತೆ ಎಷ್ಟು ಅಂತ ಬರೆದು, ಆ ಉತ್ತರ ಬರುವ ಪ್ರಮಾಣದಿಂದ ಗುಣಿಸಿ ಕೂಡಿಸಿ. ಮೊತ್ತ ಮತ್ತೆ ಅರ್ಧವೇ ಬರಬೇಕು.

ನೇರ ಪ್ರಶ್ನೆಯನ್ನು ಪರೀಕ್ಷಿಸೋಣ. ನಾಲ್ಕರಲ್ಲಿ ಮೂರು ಸಲ "ಹೌದು" ಬರುತ್ತದೆ, ಆಗ ಒಂದೇ ಬಗೆ ಆಗಿರುವ ಸಾಧ್ಯತೆ 1/3. ನಾಲ್ಕರಲ್ಲಿ ಒಂದು ಸಲ "ಇಲ್ಲ" ಬರುತ್ತದೆ, ಆಗ ಎರಡೂ ಹೆಣ್ಣು ಅಂತ ಖಚಿತ, ಸಾಧ್ಯತೆ 1.

```
3/4 * 1/3  +  1/4 * 1  =  1/4 + 1/4  =  1/2
```

ತಾಳೆಯಾಯಿತು. ಈಗ ಎರಡನೆಯ ಸಂದರ್ಭಕ್ಕೆ ಯಾರಾದರೂ 1/3 ಅಂತ ಹಟ ಹಿಡಿದರು ಅಂದುಕೊಳ್ಳಿ. "ಗಂಡು" ಅಂದಾಗ ಒಂದೇ ಬಗೆ ಆಗಿರುವ ಸಾಧ್ಯತೆ 1/3 ಆದರೆ, "ಹೆಣ್ಣು" ಅಂದಾಗಲೂ ಅದೇ ವಾದದಿಂದ 1/3 ಆಗಲೇಬೇಕು. ಆ ಕ್ರಮದಲ್ಲಿ ಬರುವ ಉತ್ತರಗಳು ಇವೆರಡೇ. ಏನು ಹೇಳಿದರೂ 1/3 ಅಂತಾದರೆ, ಅವರು ಬಾಯಿ ಬಿಡುವ ಮೊದಲೇ ಅದು 1/3 ಆಗಿರಬೇಕಿತ್ತು! ಆದರೆ ಅದು ಅರ್ಧ ಅಂತ ನಾವು ಎಣಿಸಿದ್ದೇವೆ. ಹಾಗಾಗಿ ಇಲ್ಲಿ 1/3 ಸಾಧ್ಯವೇ ಇಲ್ಲ. ಫ್ರೆಂಚ್ ಗಣಿತಜ್ಞ ಜೋಸೆಫ್ ಬರ್ಟ್ರಾಂಡ್ 1889ರಲ್ಲಿ ಮೂರು ಪೆಟ್ಟಿಗೆಗಳ ಸಮಸ್ಯೆಗೆ ಇದೇ ಬಗೆಯ ವಾದ ಬಳಸಿದ್ದರು.

ಇಷ್ಟು ವರ್ಷಗಳ ಗೊಂದಲಕ್ಕೆ ಇದಕ್ಕಿಂತ ಚುಟುಕಾದ ಉತ್ತರ ನಾನು ನೋಡಿಲ್ಲ. ತಂದೆ ತಾಯಿ ತಾವಾಗಿ ಒಂದು ಮಗು ಗಂಡೋ ಹೆಣ್ಣೋ ಅಂತಷ್ಟೇ ಹೇಳುವ ಕ್ರಮ ಇದ್ದಾಗ, ಗಂಡಿಗೂ ಹೆಣ್ಣಿಗೂ ಅವರು ಭೇದ ಮಾಡುತ್ತಿಲ್ಲ ಅಂತಾದರೆ, ಉತ್ತರ ಅರ್ಧ ಅಂತ ಎಣಿಸದೆಯೇ ಹೇಳಬಹುದು.

ಹೆಜ್ಜೆ 7: ಮಂಗಳವಾರದ ರೂಪಕ್ಕೆ ಕೈ ಹಾಕಿ

ಇದನ್ನು ಒಗಟುಗಾರ ಗ್ಯಾರಿ ಫೋಶಿ 2010ರಲ್ಲಿ ಗಾರ್ಡ್ನರ್ ಗೌರವಾರ್ಥ ನಡೆದ ಒಂದು ಸಮಾವೇಶದಲ್ಲಿ ಕೇಳಿ ಜನರ ನಿದ್ದೆ ಕೆಡಿಸಿದ್ದರು. "ನನಗೆ ಇಬ್ಬರು ಮಕ್ಕಳು, ಒಂದು ಮಂಗಳವಾರ ಹುಟ್ಟಿದ ಗಂಡು. ಎರಡೂ ಗಂಡಾಗಿರುವ ಸಾಧ್ಯತೆ ಎಷ್ಟು?" ಅವರು ಕೊಟ್ಟ ಉತ್ತರ 13/27. ಮಂಗಳವಾರಕ್ಕೂ ಇನ್ನೊಂದು ಮಗು ಗಂಡೋ ಹೆಣ್ಣೋ ಅನ್ನೋದಕ್ಕೂ ಏನು ಸಂಬಂಧ ಅಂತ ಎಲ್ಲರೂ ಕೇಳಿದರು. ಬನ್ನಿ, ನಮ್ಮ ದಾರಿಯಲ್ಲೇ ಎಣಿಸೋಣ.

ಈ ಸಲ 196 ಮನೆ ತೆಗೆದುಕೊಳ್ಳಿ, ಪ್ರತಿ ಬಗೆಯಲ್ಲೂ 49. ಯಾಕೆ 49? ದೊಡ್ಡ ಮಗು ಹುಟ್ಟಿದ ವಾರ ಏಳು ಬಗೆ, ಚಿಕ್ಕದರದ್ದು ಏಳು ಬಗೆ, ಎಲ್ಲ ಜೋಡಿಗೂ ಒಂದೊಂದು ಮನೆ.

ಕ್ರಮ ಒಂದು: ನೀವು "ಮಂಗಳವಾರ ಹುಟ್ಟಿದ ಗಂಡು ಮಗು ಇದೆಯಾ?" ಅಂತ ನೇರವಾಗಿ ಕೇಳಿದಿರಿ, ಹೌದು ಅಂದರು. ಮಿಶ್ರ ಮನೆಯಲ್ಲಿ ಇರುವ ಒಬ್ಬನೇ ಹುಡುಗ ಮಂಗಳವಾರದವನಾಗಿರಬೇಕು. ಗಂಡು-ಹೆಣ್ಣು ಸಾಲಿನ 49ರಲ್ಲಿ 7 ಮನೆ, ಹೆಣ್ಣು-ಗಂಡು ಸಾಲಿನಲ್ಲೂ 7. ಎರಡೂ ಗಂಡಿರುವ 49 ಮನೆಯಲ್ಲಿ ದೊಡ್ಡವನು ಮಂಗಳವಾರದವನಾಗಿರುವುದು 7, ಚಿಕ್ಕವನು ಮಂಗಳವಾರದವನಾಗಿರುವುದು 7, ಇಬ್ಬರೂ ಮಂಗಳವಾರದವರಾಗಿರುವ ಒಂದು ಮನೆ ಎರಡು ಸಲ ಎಣಿಕೆಗೆ ಬಂದಿದೆ, ಅದನ್ನು ಕಳೆದರೆ 13. ಒಟ್ಟು 13 + 7 + 7 = 27. ಉತ್ತರ 13/27, ಅರ್ಧಕ್ಕಿಂತ ಸ್ವಲ್ಪ ಕಡಿಮೆ.

ಇದರಲ್ಲಿ ಮಾಟ ಏನೂ ಇಲ್ಲ. ಇಬ್ಬರು ಹುಡುಗರ ಮನೆಗೆ "ಹೌದು" ಅನ್ನಲು ಎರಡು ಅವಕಾಶ ಇವೆ, ಮಿಶ್ರ ಮನೆಗೆ ಒಂದೇ. ಬರೀ "ಗಂಡು ಇದೆಯಾ" ಅಂತ ಕೇಳಿದಾಗ ಆ ಎರಡನೇ ಅವಕಾಶ ಉಪಯೋಗಕ್ಕೆ ಬರಲಿಲ್ಲ, ಒಂದೇ ಸಾಕಿತ್ತು. ಪ್ರಶ್ನೆ ಅಪರೂಪದ ಗುರುತಿನದಾದಷ್ಟೂ ಎರಡು ಅವಕಾಶವೂ ಬೆಲೆಗೆ ಬರುತ್ತವೆ, ಉತ್ತರ ಅರ್ಧದ ಕಡೆ ಜರುಗುತ್ತದೆ. ಮನೆಯ ಪಟ್ಟಿ ನಿಧಾನಕ್ಕೆ ಹುಡುಗರ ಪಟ್ಟಿಯಾಗುತ್ತಿದೆ ಅಂತಲೂ ನೋಡಬಹುದು.

ಕ್ರಮ ಎರಡು: ತಂದೆ ಯಾವುದೋ ಒಂದು ಮಗುವನ್ನು ಸುಮ್ನೆ ಆರಿಸಿ, ಅದು ಗಂಡೋ ಹೆಣ್ಣೋ, ಯಾವ ವಾರ ಹುಟ್ಟಿತು ಅಂತ ಹೇಳಿದರು. ಹೇಳಿದ್ದು "ಗಂಡು, ಮಂಗಳವಾರ". ಎರಡೂ ಗಂಡಿರುವ 49 ಮನೆಯಲ್ಲಿ, ಆರಿಸಿದ ಮಗು ಯಾವುದಾದರೂ ಏಳರಲ್ಲಿ ಒಂದು ಸಲ ಮಂಗಳವಾರ, ಅಂದರೆ 7. ಮಿಶ್ರ ಮನೆಗಳಲ್ಲಿ ಮೊದಲು ಹುಡುಗ ಆಯ್ಕೆಯಾಗಬೇಕು, ಅದು ಅರ್ಧ ಸಲ, ಆಮೇಲೆ ಮಂಗಳವಾರ. ಪ್ರತಿ ಸಾಲಿಗೂ ಸರಾಸರಿ ಮೂರೂವರೆ, ಎರಡು ಸಾಲು ಸೇರಿ 7. ಉತ್ತರ 7/14, ಅರ್ಧ.

ಕ್ರಮ ಮೂರು: ಮೊದಲು ನೀವು "ಗಂಡು ಮಗು ಇದೆಯಾ?" ಅಂತ ಕೇಳಿದಿರಿ, ಹೌದು ಅಂದರು. "ಯಾರಾದರೂ ಒಬ್ಬ ಮಗ ಹುಟ್ಟಿದ ವಾರ ಹೇಳಿ" ಅಂದಿರಿ, ಅವರು ಮಂಗಳವಾರ ಅಂದರು. ಎರಡೂ ಗಂಡಿರುವ ಮನೆಯಿಂದ 7, ಗಂಡು-ಹೆಣ್ಣಿನಿಂದ 7, ಹೆಣ್ಣು-ಗಂಡಿನಿಂದ 7. ಉತ್ತರ 7/21, ಅಂದರೆ 1/3. ವಾರ ತಿಳಿದದ್ದರಿಂದ ಒಂದಿಷ್ಟೂ ಬದಲಾಗಲಿಲ್ಲ, ಆಗಬಾರದು ಕೂಡ. ಹೇಗೂ ಯಾವುದಾದರೂ ಒಂದು ವಾರ ಹೇಳಲೇಬೇಕಿತ್ತಲ್ಲ.

ಒಂದೇ ವಾಕ್ಯ, ಮೂರು ಕ್ರಮ, ಮೂರು ಉತ್ತರ. 13/27 ಕೇಳಿ "ವಾರ ಗೊತ್ತಾದರೆ ಸಾಧ್ಯತೆ ಬದಲಾಗುತ್ತದೆ" ಅಂತ ಪಾಠ ಕಲಿತವರು ಅರ್ಧ ಪಾಠ ಕಲಿತಂತೆ. ಆ ವಾರವನ್ನು ಯಾರು, ಯಾವಾಗ ಆರಿಸಿದರು ಅನ್ನೋದು ಉಳಿದ ಅರ್ಧ. ಒಬ್ಬರು ತಾವಾಗಿ ಬಂದು "ಮಂಗಳವಾರ ಹುಟ್ಟಿದ ಗಂಡು" ಅಂದರೆ 13/27 ಹೇಳಬೇಡಿ. ಮಂಗಳವಾರದ ಗಂಡು ಇರುವವರು ಮಾತ್ರ, ಮತ್ತು ಅಂಥವರೆಲ್ಲರೂ, ಮಾತಾಡುವ ವ್ಯವಸ್ಥೆ ಇತ್ತು ಅಂತ ಗೊತ್ತಿದ್ದರೆ ಮಾತ್ರ ಆ ಉತ್ತರ ಸಲ್ಲುತ್ತದೆ.

ಹೆಜ್ಜೆ 8: ಕಂಪ್ಯೂಟರಿನಲ್ಲಿ ಓಡಿಸಿ, ಆದರೆ ಒಂದು ಸಾಲಿನ ಮೇಲೆ ಕಣ್ಣಿಡಿ

ಎಣಿಕೆ ಮೇಲೆ ನಂಬಿಕೆ ಬರದಿದ್ದರೆ ಪೈಥಾನ್‌ನಲ್ಲಿ ಲಕ್ಷ ಮನೆಗಳನ್ನು ಹುಟ್ಟಿಸಿ ನೋಡಿ.

```python
import random

ask_all = ask_bb = 0
say_all = say_bb = 0

for _ in range(100000):
    f = [random.choice("BG"), random.choice("BG")]
    both = (f == ["B", "B"])
    if "B" in f:
        ask_all += 1
        ask_bb += both
    if random.choice(f) == "B":
        say_all += 1
        say_bb += both

print(ask_bb / ask_all)
print(say_bb / say_all)
```

ಮೊದಲ ಅಂಕಿ 0.333ರ ಹತ್ತಿರ, ಎರಡನೆಯದು 0.5ರ ಹತ್ತಿರ ಬರುತ್ತದೆ. ಮೂರನೇ ದಶಮಾಂಶ ಪ್ರತಿ ಸಲ ಸ್ವಲ್ಪ ಆಚೀಚೆ ಆಗುತ್ತದೆ, ಅದು ಸಹಜ.

ಎರಡು `if` ಸಾಲುಗಳನ್ನು ನೋಡಿ. ಮೊದಲನೆಯದು ನೇರ ಪ್ರಶ್ನೆ, ಎರಡನೆಯದು ಸುಮ್ನೆ ಒಂದು ಮಗುವನ್ನು ನೆನೆಸಿಕೊಳ್ಳುವುದು. "ನಾನು ಪ್ರೋಗ್ರಾಂ ಬರೆದು ನೋಡಿದೆ, 1/3 ಬಂತು, ಇನ್ನು ವಾದ ಬೇಡ" ಅನ್ನುವವರು ಮೊದಲ ಸಾಲನ್ನು ಯೋಚಿಸದೆ ಬರೆದಿರುತ್ತಾರೆ. ಬರೆದ ಕ್ಷಣವೇ ಉತ್ತರ ನಿರ್ಧಾರ ಆಗಿಹೋಯಿತು, ಯಂತ್ರ ಅದನ್ನೇ ಮರಳಿ ಹೇಳಿತು. ಯಾರಾದರೂ ತಮ್ಮ ಪ್ರೋಗ್ರಾಂ ತೋರಿಸಿದರೆ ನೇರವಾಗಿ ಆ `if`ಗೆ ಹೋಗಿ, ಇದು ಯಾವ ಕ್ರಮ ಅಂತ ಕೇಳಿ.

ಈ ಲೆಕ್ಕ ಎಲ್ಲಿ ನಿಲ್ಲುವುದಿಲ್ಲ

ಮೊದಲ ಹೆಜ್ಜೆಯ 100, 100, 100, 100 ಕೂಡ ಒಂದು ಊಹೆಯೇ. ನಿಜವಾಗಿ ಪ್ರಪಂಚದಲ್ಲಿ 100 ಹೆಣ್ಣಿಗೆ ಸುಮಾರು 105 ಗಂಡು ಹುಟ್ಟುತ್ತವೆ, ಆ ಪ್ರಮಾಣ ಹಾಕಿದರೆ ನೇರ ಪ್ರಶ್ನೆಯ ಉತ್ತರ 0.333 ಇದ್ದದ್ದು 0.344ರ ಹತ್ತಿರ ಹೋಗುತ್ತದೆ. ಇದು ಸಣ್ಣ ತಿದ್ದುಪಡಿ, ಬಿಟ್ಟರೂ ನಡೆಯುತ್ತದೆ. ಒಂದೇ ರೂಪದ ಅವಳಿಗಳೂ ಹಾಗೆಯೇ, ಎರಡೂ ಒಂದೇ ಬಗೆಯಾಗಿರುವ ಮನೆಗಳನ್ನು ಸ್ವಲ್ಪ ಹೆಚ್ಚಿಸುತ್ತವೆ.

ದೊಡ್ಡ ಹೊಡೆತ ಬೇರೆ ಕಡೆಯಿಂದ ಬರುತ್ತದೆ. ಎರಡು ಮಕ್ಕಳ ಮನೆ ಎರಡಕ್ಕೆ ನಿಂತದ್ದು ಯಾಕೆ? ಎಲ್ಲರೂ "ಗಂಡು ಹುಟ್ಟಿದ ಕೂಡಲೇ ಸಾಕು" ಅನ್ನುವವರಾಗಿದ್ದರೆ ಮೊದಲ ಮಗು ಗಂಡಾದ ಮನೆ ಒಂದಕ್ಕೇ ನಿಂತುಬಿಡುತ್ತದೆ. ಅಂಥ ಕಡೆ ಎರಡು ಮಕ್ಕಳ ಮನೆಗಳಲ್ಲಿ ಗಂಡು-ಗಂಡು ಸಾಲೇ ಇರುವುದಿಲ್ಲ, ಗಂಡು-ಹೆಣ್ಣು ಸಾಲೂ ಇರುವುದಿಲ್ಲ. ನೀವು ಎಷ್ಟು ಸರಿಯಾಗಿ ಪ್ರಶ್ನೆ ಕೇಳಿದರೂ ಉತ್ತರ ಸೊನ್ನೆ. ಮಾತು ಹೊರಬರುವುದಕ್ಕೆ ಕ್ರಮ ಇರುವಂತೆ, ಆ ಮನೆಗಳು ನಿಮ್ಮ ಪಟ್ಟಿಗೆ ಬರುವುದಕ್ಕೂ ಒಂದು ಕ್ರಮ ಇರುತ್ತದೆ.

ಇನ್ನು ಪರೀಕ್ಷೆಯಲ್ಲೋ ಸಂದರ್ಶನದಲ್ಲೋ ಕ್ರಮವನ್ನೇ ಹೇಳದ ಪ್ರಶ್ನೆ ಬಂದರೆ ಏನು ಮಾಡಬೇಕು? ಬರೀ ಅಂಕಿ ಬರೆದು ಬಿಡಬೇಡಿ. "ಕನಿಷ್ಠ ಒಂದು ಗಂಡು ಇರುವ ಎಲ್ಲ ಮನೆಗಳಿಂದ ಒಂದನ್ನು ಸಮಾನ ಅವಕಾಶದಲ್ಲಿ ಆರಿಸಿದೆ ಎಂದು ಭಾವಿಸಿದರೆ 1/3" ಅಂತ ಬರೆಯಿರಿ. ಪಠ್ಯಪುಸ್ತಕಗಳು ಸಾಮಾನ್ಯವಾಗಿ ನಿರೀಕ್ಷಿಸುವುದು ಇದನ್ನೇ. ಅದರ ಕೆಳಗೆ ಇನ್ನೊಂದು ಸಾಲು: "ಮಕ್ಕಳಲ್ಲಿ ಒಬ್ಬರನ್ನು ಸಮಾನ ಅವಕಾಶದಲ್ಲಿ ಆರಿಸಿ ಅದು ಗಂಡು ಎಂದು ಕಂಡುಕೊಂಡಿದ್ದರೆ 1/2." ಎದುರಿಗೆ ಪ್ರಶ್ನೆ ಕೇಳಿದವರೇ ಇದ್ದರೆ, ಉತ್ತರ ಹೇಳುವ ಮೊದಲು "ಒಂದು ಗಂಡು ಅಂತ ಹೇಗೆ ಗೊತ್ತಾಯ್ತು?" ಅಂತ ಕೇಳಿ. ಅವರು "ಅದೇನೂ ಕೊಟ್ಟಿಲ್ಲ" ಅಂದರೆ, q ಹೇಳಿದರೆ ನಾನು `1/(1+2q)` ಹೇಳುತ್ತೇನೆ ಅನ್ನಿ.